ಹೈಜಂಪ್‌ನಲ್ಲಿ ಬಾರ್ ಮೇಲೆ ಸೊಂಟ ಎತ್ತಿ, ತಲೆ ಕೆಳಗೆ ಬಿಡಿ

ಕೊಪ್ಪಳ ಜಿಲ್ಲೆಯ ಕ್ರೀಡಾಕೂಟಕ್ಕೆ ಮಕ್ಕಳನ್ನು ತಯಾರು ಮಾಡುತ್ತಿರುವವರಿಗೆ ಒಂದು ಮಾತು: ಬಾರ್‌ಗೆ ಬೆನ್ನು ಮಾಡಿ ಜಿಗಿಯುವ ಫಾಸ್ಬರಿ ಫ್ಲಾಪ್‌ನಲ್ಲಿ ಭುಜ ಬಾರ್ ದಾಟಿದ ಕೂಡಲೇ ತಲೆಯನ್ನು ಹಿಂದಕ್ಕೆ ಬಿಟ್ಟು ಸೊಂಟ ಮೇಲೆತ್ತಲು ಹೇಳಿ. ಸೊಂಟ ದಾಟಿತೋ, ಗದ್ದ ಎದೆಗೆ ಒತ್ತಿ ಕಾಲು ಎತ್ತಬೇಕು. ಬಿಲ್ಲಿನಂತೆ ಬಾಗಿದ ಮೈಯಲ್ಲಿ ತಲೆ, ಕಾಲು ಎರಡೂ ಬಾರ್‌ಗಿಂತ ಕೆಳಗೇ ಇರುವುದರಿಂದ ಇಡೀ ದೇಹದ ಗುರುತ್ವ ಕೇಂದ್ರ ಬೆನ್ನಿನ ಕೆಳಗೆ, ಬಾರ್ ಮಟ್ಟದ ಹತ್ತಿರ, ಕೆಲವೊಮ್ಮೆ ಅದಕ್ಕಿಂತ ಕೆಳಗೂ ಸಾಗುತ್ತದೆ. 170 ಸೆಂ.ಮೀ. ಎತ್ತರದ ಹುಡುಗ ನಿಂತಾಗ ಆ ಕೇಂದ್ರ ಸುಮಾರು 95 ಸೆಂ.ಮೀ.ನಲ್ಲಿರುತ್ತದೆ. ಕೈ, ಮೊಣಕಾಲು ಎತ್ತಿ ನೆಲ ಬಿಡುವಾಗ ಅದು ಸುಮಾರು 115. ಜಿಗಿತ ಇನ್ನೊಂದು 45 ಸೇರಿಸಿದರೆ 160. ಮೈ ನೆಟ್ಟಗಿಟ್ಟು ಒಂದೊಂದೇ ಕಾಲು ದಾಟಿಸುವ ಕತ್ತರಿ ಜಿಗಿತದಲ್ಲಿ ಕೇಂದ್ರ ಬಾರ್‌ಗಿಂತ ಬಹಳ ಮೇಲಿರಬೇಕು, ಹಾಗಾಗಿ ಇದೇ ಹುಡುಗ 135ರ ಆಸುಪಾಸಿಗೆ ನಿಲ್ಲುತ್ತಾನೆ. ಫ್ಲಾಪ್‌ನಲ್ಲಿ 155 ದಾಟಬಲ್ಲ. ಕಾಲಿನ ಬಲ ಎರಡರಲ್ಲೂ ಒಂದೇ, ನೋಡಿ! ಪೃಷ್ಠ ತಾಗಿ ಬಾರ್ ಬಿದ್ದರೆ ಬೇಗ ಬಾಗಿ ಸೊಂಟ ಇಳಿದಿದೆ ಎಂದರ್ಥ. ಹಿಮ್ಮಡಿ ತಾಗಿದರೆ ಕಾಲು ಎತ್ತಲು ತಡವಾಗಿದೆ. ಓಟದ ಕೊನೆಯ ತಿರುವಿನಲ್ಲಿ ಮೈ ಬಾರ್ ಕಡೆಗೆ ವಾಲಿದರೆ ಎತ್ತರವೇ ಸಿಗದು, ಆಗ ಬಾಗುವಿಕೆಯಿಂದ ಪ್ರಯೋಜನವಿಲ್ಲ. ಮರಳಿನ ಗುಂಡಿಯಲ್ಲಂತೂ ಇದನ್ನು ಮಾಡಿಸಲೇಬೇಡಿ. ಬೀಳುವುದು ಬೆನ್ನು, ಭುಜದ ಮೇಲೆ. ದಪ್ಪ ಫೋಮ್ ಹಾಸಿಗೆ ಇಲ್ಲದಿದ್ದರೆ ಕುತ್ತಿಗೆ ಮುರಿಯಬಹುದು. ಹಾಸಿಗೆ ಸಿಗುವವರೆಗೆ ಕತ್ತರಿ ಜಿಗಿತವೇ ಇರಲಿ.