ಮುಸುಕಿನ ಜೋಳ ಅಂತ ನಮ್ಮೂರಲ್ಲಿ ಯಾರೂ ಹುಡುಕಲ್ಲ

ದಾವಣಗೆರೆಯಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಒಂದು ಅಂಗಡಿಯ ಯೂಟ್ಯೂಬ್ ಚಾನೆಲ್ ಮತ್ತು ಫೇಸ್‌ಬುಕ್ ಪೇಜನ್ನು ನಾನು ನೋಡಿಕೊಳ್ಳುತ್ತೇನೆ. ಸುತ್ತಮುತ್ತ ಮೆಕ್ಕೆಜೋಳವೇ ಜಾಸ್ತಿ. ಹಾಗಾಗಿ ಮಳೆಗಾಲ ಶುರುವಾದರೆ ನಮ್ಮ ವಿಡಿಯೋಗಳೂ ಅದರ ಸುತ್ತಲೇ ಇರುತ್ತವೆ. ಒಂದೇ ವಿಡಿಯೋವನ್ನು ಮತ್ತೆ ಮತ್ತೆ ಮಾಡಬೇಕಾಗಿ ಬಂತು. ಅದರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಕೊಟ್ಟ ಶೀರ್ಷಿಕೆ ಹೀಗಿತ್ತು: ‘ಮುಸುಕಿನ ಜೋಳದಲ್ಲಿ ಸೈನಿಕ ಹುಳುವಿನ ಸಮಗ್ರ ನಿರ್ವಹಣೆ’. ಮೆಕ್ಕೆಜೋಳಕ್ಕೆ ಮುಸುಕಿನ ಜೋಳ, ಲದ್ದಿ ಹುಳಕ್ಕೆ ಸೈನಿಕ ಹುಳು ಅಂತ ಕೃಷಿ ಕೈಪಿಡಿಗಳಲ್ಲಿ ಬರೆಯುತ್ತಾರೆ. ತಪ್ಪು ಕನ್ನಡವೇನಲ್ಲ. ಆದರೆ ವಾರ ಕಳೆದರೂ ನೋಡಿದವರು ಅಂಗಡಿಯ ಪರಿಚಯದವರು ಮಾತ್ರ. ಅದೇ ವಾರ ಒಬ್ಬ ರೈತರು ತೂತು ತೂತಾದ ಎಲೆ ಹಿಡಿದುಕೊಂಡು ಅಂಗಡಿಗೆ ಬಂದರು. ‘ಮೆಕ್ಕೆಜೋಳಕ್ಕೆ ಲದ್ದಿ ಹುಳ ಬಿದ್ದೈತಿ ನೋಡ್ರಿ, ಸುಳಿನೆಲ್ಲ ತಿಂದು ಹಾಕೈತಿ’ ಅಂದರು. ಇದರ ಬಗ್ಗೆ ನಮ್ಮದೊಂದು ವಿಡಿಯೋ ಇದೆ ಅಂತ ತೋರಿಸಿದೆ. ಅವರು ಶೀರ್ಷಿಕೆ ಓದಿ, ‘ಇದು ಬ್ಯಾರೆ ಬೆಳೆದು ಅನ್ಕಂಡು ಬಿಟ್ಟಿದ್ದೆ’ ಅಂದರು. ಅಂದರೆ ವಿಡಿಯೋ ಅವರ ಫೋನಿಗೆ ಹೋಗಿತ್ತು. ಬೆರಳು ಮಾತ್ರ ನಿಂತಿರಲಿಲ್ಲ.

ಅವತ್ತು ರಾತ್ರಿ ಯೂಟ್ಯೂಬ್ ಸ್ಟುಡಿಯೋ ತೆಗೆದು ಕೂತೆ. ಜನ ಏನು ಟೈಪ್ ಮಾಡಿ ನಮ್ಮ ಹಳೆಯ ವಿಡಿಯೋಗಳಿಗೆ ಬಂದಿದ್ದಾರೆ ಅಂತ ಅನಾಲಿಟಿಕ್ಸ್‌ನಲ್ಲಿ ಸಿಗುತ್ತದೆ. ಅಲ್ಲಿ ‘ಮೆಕ್ಕೆಜೋಳ’ ಅಂತ ಕನ್ನಡ ಅಕ್ಷರದಲ್ಲೂ ಇತ್ತು, `mekkejola` ಅಂತ ಇಂಗ್ಲಿಷ್ ಅಕ್ಷರದಲ್ಲೂ ಇತ್ತು. `mekke jola` ಅಂತ ಬಿಡಿಸಿ ಬರೆದವರೂ ಇದ್ದರು. ‘ಮುಸುಕಿನ ಜೋಳ’ ಒಂದು ಸಾಲಿನಲ್ಲೂ ಇರಲಿಲ್ಲ. ಮಾತಾಡುವುದು ಕನ್ನಡ, ಆದರೆ ಕೀಬೋರ್ಡ್ ಇಂಗ್ಲಿಷ್. ನಮ್ಮ ಕಡೆ ತುಂಬಾ ಜನರ ಫೋನ್ ಹೀಗೇ ಇರುತ್ತದೆ, ಅಲ್ವಾ?

ಹೊಸ ಶೀರ್ಷಿಕೆ ಹೀಗೆ ಬರೆದೆ:

```
ಮೆಕ್ಕೆಜೋಳ ಲದ್ದಿ ಹುಳ: ಯಾವಾಗ ಸ್ಪ್ರೇ ಮಾಡ್ಬೇಕು? | mekkejola laddi hula
```

ಮೊದಲು ಕನ್ನಡ ಅಕ್ಷರ, ಯಾಕಂದರೆ ಕಣ್ಣಿಗೆ ಬೀಳುವುದು ಅದು. ಫೋನಿನಲ್ಲಿ ಉದ್ದ ಶೀರ್ಷಿಕೆಯ ಬಾಲ ಕಾಣುವುದಿಲ್ಲ. ಹುಡುಕುವವರಿಗಾಗಿ ಇಂಗ್ಲಿಷ್ ಅಕ್ಷರದ ಕನ್ನಡ ಆ ಬಾಲದಲ್ಲಿದ್ದರೆ ಸಾಕು. ‘ಸೈನಿಕ ಹುಳು’, `fall armyworm` ಎರಡನ್ನೂ ಕೆಳಗಿನ ವಿವರಣೆಗೆ ಹಾಕಿದೆ. ಓದಿಕೊಂಡ ಹುಡುಗರು ಹಾಗೂ ಹುಡುಕುತ್ತಾರೆ, ಅವರನ್ನು ಬಿಡಬಾರದು.

ಒಳಗಿನ ಮಾತನ್ನೂ ಬದಲಿಸಿದೆ. ಮೊದಲ ವಿಡಿಯೋ ‘ಹಾಯ್ ಫ್ರೆಂಡ್ಸ್, ವೆಲ್‌ಕಮ್ ಟು ಅವರ್ ಚಾನೆಲ್’ ಅಂತ ಶುರುವಾಗುತ್ತಿತ್ತು. ಜನ ಎಲ್ಲಿವರೆಗೆ ನೋಡಿದರು ಅಂತ ತೋರಿಸುವ ಗೆರೆ ಅಲ್ಲೇ ಕೆಳಗೆ ಬಿದ್ದಿತ್ತು. ಎರಡನೆಯದರಲ್ಲಿ ನಮಸ್ಕಾರವನ್ನೂ ಆಮೇಲೆ ಇಟ್ಟೆ. ಮೊದಲ ದೃಶ್ಯದಲ್ಲೇ ಅಂಗಡಿ ಅಣ್ಣಾರು ಹೊಲದಲ್ಲಿ ನಿಂತು ಸುಳಿ ಬಿಡಿಸುತ್ತಾರೆ. ಒಳಗೆ ಮರದ ಹೊಟ್ಟಿನ ಹಾಗೆ ಹಿಕ್ಕೆ ಕಾಣುತ್ತದೆ. ‘ಸುಳಿಯಾಗ ಹಿಂಗೆ ಹಿಕ್ಕೆ ಕಂಡ್ರೆ ಹುಳ ಒಳಗೇ ಐತಿ’ ಅನ್ನುತ್ತಾರೆ, ಅಷ್ಟೇ. ಸ್ಪ್ರೇ, ಟ್ಯಾಂಕ್, ಪ್ಯಾಕೆಟ್, ಡೋಸ್ ಇವನ್ನೆಲ್ಲ ಹಾಗೇ ಬಿಟ್ಟೆ. ಇವು ರೈತರ ಬಾಯಲ್ಲೇ ಇರುವ ಮಾತು. ‘ಸಿಂಪರಣೆ’ ಅಂದರೆ ಅವರಿಗೆ ರೇಡಿಯೋ ಕೇಳಿದ ಹಾಗಾಗುತ್ತದೆ. ‘ಪೆಸ್ಟ್ ಮ್ಯಾನೇಜ್‌ಮೆಂಟ್’, ‘ಎಫೆಕ್ಟಿವ್ ಆಗಿ’ ಅಂತ ನಾನು ಸುಮ್ನೆ ಸೇರಿಸಿದ್ದ ಇಂಗ್ಲಿಷನ್ನು ತೆಗೆದೆ. ಅಂಗಡಿ ಕೌಂಟರ್ ಮುಂದೆ ನಿಂತವರು ಆಡುವ ಇಂಗ್ಲಿಷ್ ಇರಲಿ, ನಾನು ಮೀಟಿಂಗಿನಿಂದ ತಂದದ್ದು ಬೇಡ. ಈಗಲೂ ಹೀಗೇ ಮಾಡುತ್ತೇನೆ.

ಥಂಬ್‌ನೇಲ್‌ನಲ್ಲಿ ಬೇರೆ ತೊಂದರೆ ಆಯಿತು. ಫೋನಿನ ಎಡಿಟಿಂಗ್ ಆ್ಯಪ್‌ನಲ್ಲಿ ಒಂದು ಚಂದದ ಫಾಂಟ್ ಆರಿಸಿದರೆ ‘ಮೆಕ್ಕೆಜೋಳ’ ಹೋಗಿ ‘ಮೆಕ್‌ಕೆಜೋಳ’ ಆಯಿತು. ಒತ್ತಕ್ಷರ ಕೂಡಿಸುವುದು ಆ ಫಾಂಟಿಗೆ ಬರುತ್ತಿರಲಿಲ್ಲ. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದೆ, ಚಿತ್ರ ಸರಿಯಾಗಿ ಬಂತು. ಆದರೆ ಅವರು ಕಳಿಸಿದ ಬರಹವನ್ನು ಫೇಸ್‌ಬುಕ್ಕಿಗೆ ಪೇಸ್ಟ್ ಮಾಡಿದರೆ ದಾವಣಗೆರೆ ಇರಬೇಕಾದ ಜಾಗದಲ್ಲಿ `zÁªÀtUÉgÉ` ಅಂತ ಬಂತು. ಅವರು ಟೈಪ್ ಮಾಡಿದ್ದು ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ. ಅದು ಪ್ರಿಂಟಿಗೆ ಸರಿ, ಚಿತ್ರದೊಳಗೂ ಸರಿ. ಪೋಸ್ಟಿಗೆ ಮಾತ್ರ ಆಗುವುದಿಲ್ಲ. ಈಗ ಬರಹವನ್ನೆಲ್ಲ ಫೋನಿನ ಕನ್ನಡ ಕೀಬೋರ್ಡಿನಲ್ಲಿ ನಾನೇ ಟೈಪ್ ಮಾಡುತ್ತೇನೆ. ಹೊಸ ಫಾಂಟ್ ಸಿಕ್ಕರೆ ಮೊದಲು ‘ಲದ್ದಿ’, ‘ಮೆಕ್ಕೆ’ ಬರೆದು ನೋಡುತ್ತೇನೆ.

ಇಷ್ಟಾದ ಮೇಲೆ ವಿಡಿಯೋ ಓಡಿತು. ಆಗಲೇ ನನಗೆ ಭಯ ಹುಟ್ಟಿಸಿದ ಫೋನ್ ಬಂದದ್ದು.

ವಿಡಿಯೋದಲ್ಲಿ ಅಣ್ಣಾರು ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಔಷಧಿಯ ಡೋಸ್ ಹೇಳಿದ್ದರು: ಲೀಟರ್ ನೀರಿಗೆ ‘ಪಾಯಿಂಟ್ ನಾಲ್ಕು ಗ್ರಾಂ’, ಅಂದರೆ 0.4 ಗ್ರಾಂ. ಹೊಲದಲ್ಲಿ ಗಾಳಿ ಇತ್ತು, ‘ಪಾಯಿಂಟ್’ ಸರಿಯಾಗಿ ಕೇಳಿಸುತ್ತಿರಲಿಲ್ಲ. ಜಗಳೂರು ಕಡೆಯ ಒಬ್ಬರು ಫೋನ್ ಮಾಡಿ, ‘ಅಣ್ಣ, ಲೀಟರಿಗೆ ನಾಲ್ಕು ಗ್ರಾಂ ಅಂದ್ರೆ ನೂರು ಗ್ರಾಂ ಪ್ಯಾಕೆಟ್ ಒಂದೂವರೆ ಟ್ಯಾಂಕಿಗೇ ಖಾಲಿ ಆಗ್ತೈತಲ್ಲ?’ ಅಂತ ಕೇಳಿದರು. ಹತ್ತು ಪಟ್ಟು ಡೋಸ್! ಅವರು ಹೊಡೆಯುವ ಮುಂಚೆ ಕೇಳಿದ್ದು ನಮ್ಮ ಪುಣ್ಯ.

ಅದೇ ದಿನ ವಿಡಿಯೋವನ್ನು ಚಾನೆಲ್‌ನಿಂದ ತೆಗೆದುಹಾಕಿದೆ. ಯೂಟ್ಯೂಬ್‌ನಲ್ಲಿ ಹಾಕಿದ ವಿಡಿಯೋದ ತುಣುಕನ್ನು ಕತ್ತರಿಸಬಹುದು, ಆದರೆ ಅದೇ ಜಾಗದಲ್ಲಿ ಬೇರೆ ಫೈಲ್ ಇಡಲು ಆಗುವುದಿಲ್ಲ. ಹೊಸದಾಗಿ ಹಾಕಬೇಕು, ಬಂದಿದ್ದ ವ್ಯೂಸ್ ಹೋಗುತ್ತವೆ. ಹೋಗಲಿ ಅಂದುಕೊಂಡೆ. ಅದಕ್ಕಿಂತ ಕಷ್ಟದ್ದು ವಾಟ್ಸ್‌ಆ್ಯಪ್. ಯಾರೋ ವಿಡಿಯೋ ಡೌನ್‌ಲೋಡ್ ಮಾಡಿ ಗ್ರೂಪುಗಳಿಗೆ ಹಾಕಿದ್ದರು. ಅಲ್ಲಿಗೆ ನಮ್ಮ ವಿವರಣೆ ಹೋಗುವುದಿಲ್ಲ, ಕೆಳಗೆ ಪಿನ್ ಮಾಡಿದ ಕಾಮೆಂಟೂ ಹೋಗುವುದಿಲ್ಲ. ಚಿತ್ರ ಮತ್ತು ಧ್ವನಿ ಮಾತ್ರ ಹೋಗುತ್ತವೆ. ಗೊತ್ತಿದ್ದ ಗ್ರೂಪುಗಳಿಗೆಲ್ಲ ತಿದ್ದುಪಡಿಯ ಧ್ವನಿ ಸಂದೇಶ ಕಳಿಸಿದೆವು.

ಈಗ ಅಳತೆಯನ್ನು ಚಿತ್ರದ ಮೇಲೇ ಅಚ್ಚು ಹಾಕುತ್ತೇವೆ, ಅದೂ ಲೀಟರ್ ಲೆಕ್ಕದಲ್ಲಲ್ಲ. ‘16 ಲೀಟರ್ ಟ್ಯಾಂಕಿಗೆ 6.4 ಗ್ರಾಂ’ ಅಂತ ದೊಡ್ಡದಾಗಿ, ಓದಿ ಮುಗಿಸುವಷ್ಟು ಹೊತ್ತು ನಿಲ್ಲಿಸುತ್ತೇವೆ. ಅದರ ಕೆಳಗೆ ಇನ್ನೊಂದು ಸಾಲು: ‘100 ಗ್ರಾಂ ಪ್ಯಾಕೆಟ್ = ಸುಮಾರು 15 ಟ್ಯಾಂಕ್’. ಕಿವಿ ತಪ್ಪಿದರೂ ಪ್ಯಾಕೆಟ್ ಲೆಕ್ಕದಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ಆ ರೈತರು ಹಿಡಿದದ್ದು ಹಾಗೇ ತಾನೇ? ಅಣ್ಣಾರ ಬಾಯಲ್ಲಿ ‘ಪಾಯಿಂಟ್’ ಅನ್ನುವ ಮಾತನ್ನೇ ನಿಲ್ಲಿಸಿದ್ದೇವೆ.

ಹೊಸ ವಿಡಿಯೋಕ್ಕೆ ಫೇಸ್‌ಬುಕ್ಕಿನಲ್ಲಿ ಸ್ವಲ್ಪ ದುಡ್ಡು ಹಾಕಿ ಜಾಹೀರಾತು ಕೊಟ್ಟೆ. ದಾವಣಗೆರೆಗೆ ಪಿನ್ ಇಟ್ಟು ಸುತ್ತ 40 ಕಿಲೋಮೀಟರ್ ಅಂತ ಆರಿಸಿದೆ. ಭಾಷೆ ಕೇಳಿದಲ್ಲಿ ಕನ್ನಡ ಅಂತ ಒತ್ತಿದೆ. ತಲುಪುವ ಜನರ ಅಂದಾಜು ತಟ್ಟನೆ ಇಳಿಯಿತು. ಆ ಆಯ್ಕೆ ನೋಡುವುದು ಫೇಸ್‌ಬುಕ್ ಬಳಸುವ ಭಾಷೆಯನ್ನು. ಮನೆಯಲ್ಲಿ ಬರೀ ಕನ್ನಡ ಮಾತಾಡುವವರ ಆ್ಯಪ್ ಕೂಡ ಇಂಗ್ಲಿಷಿನಲ್ಲೇ ಇರುತ್ತದೆ. ಭಾಷೆಯ ಜಾಗ ಖಾಲಿ ಬಿಟ್ಟೆ, ಅಂದಾಜು ಮತ್ತೆ ಏರಿತು. ವಿಡಿಯೋ ಕನ್ನಡದಲ್ಲಿದೆ, ಬೇಕಾದವರು ನಿಲ್ಲುತ್ತಾರೆ.

ಆ ಸುತ್ತಳತೆಯೊಳಗೆ ಹರಿಹರ ದಾಟಿ ರಾಣೆಬೆನ್ನೂರು ಕಡೆಯವರೂ ಬಂದರು. ಅಲ್ಲಿಂದ ಬಂದ ಒಂದು ಕಾಮೆಂಟ್: ‘ಗೋವಿನಜೋಳಕ್ಕೂ ಇದೇ ಔಷಧ ನಡೀತೈತೇನ್ರಿ?’ ಅದೇ ಬೆಳೆ, ಹೊಳೆ ದಾಟಿದರೆ ಹೆಸರು ಬೇರೆ. ಹಾವೇರಿ ಜಿಲ್ಲೆಗೆ ಈಗ ಅದೇ ವಿಡಿಯೋದ ಮೇಲೆ ‘ಗೋವಿನಜೋಳ’ ಅಂತ ಬರೆದ ಥಂಬ್‌ನೇಲ್ ಹಾಕಿ ಬೇರೆ ಜಾಹೀರಾತು ಕೊಡುತ್ತೇನೆ. ಅಣ್ಣಾರು ಮಾತಿನ ನಡುವೆ ‘ಮೆಕ್ಕೆಜೋಳ’ ಅಂದ ಎರಡು ಕಡೆ ‘ನಿಮ್ಮ ಗೋವಿನಜೋಳ’ ಅಂತ ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದೇನೆ.