ಸ್ಟಾರ್ ಹಾಗೇ ಇರಲಿ, ಹುಡುಗನ ಹೆಸರು ಮಾತ್ರ ತೆಗೆಯಿರಿ

ಗೂಗಲ್‌ನಲ್ಲಿ ಒಂದು ಸ್ಟಾರ್ ರಿವ್ಯೂ ಬಂದರೆ ನಾವು ಹೋಟೆಲ್‌ನವರು ಎರಡು ದಿನ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತೇವೆ. ಆದರೆ ಅದರಲ್ಲಿ ಸಪ್ಲೈಯರ್ ಹುಡುಗನ ಹೆಸರಿದ್ದರೆ ಕಥೆಯೇ ಬೇರೆ. ಅದನ್ನು ಅವನು ಓದುತ್ತಾನೆ, ಅವನ ಊರಿನವರು ಓದುತ್ತಾರೆ. ಸೀಸನ್ ಮಧ್ಯೆ ಹುಡುಗ ಗಂಟುಮೂಟೆ ಕಟ್ಟಿದರೆ ಕೊಟ್ಟ ಅಡ್ವಾನ್ಸ್ ಹತ್ತು ಹದಿನೈದು ಸಾವಿರ ಹೋಯಿತು ಅಂತಲೇ ಲೆಕ್ಕ. ಹೊಸಬ ಕೈಗೆ ಹತ್ತಲು ತಿಂಗಳು ಬೇಕು.

ನಾನು ಮಾಡುವುದು ಇಷ್ಟೇ. ರಿವ್ಯೂ ತೆಗೆಯಿರಿ ಅನ್ನುವುದಿಲ್ಲ. ಸ್ಟಾರ್ ಜಾಸ್ತಿ ಮಾಡಿ ಅನ್ನುವುದೂ ಇಲ್ಲ. ಹೆಸರೊಂದನ್ನು ತೆಗೆಯಿರಿ, ಉಳಿದದ್ದು ಹಾಗೇ ಇರಲಿ ಅಂತ ಕೇಳುತ್ತೇನೆ. ಸಾಗರದಲ್ಲಿ ನಮ್ಮ ವ್ಯವಹಾರದವರೇ ಇದನ್ನು ಕೇಳಿ ನಕ್ಕಿದ್ದರು. "ಒಂದು ಸ್ಟಾರ್ ಇಟ್ಕೊಂಡು ಹೆಸರು ತೆಗೆಸಿ ಏನ್ ಬಂತು?" ಅಂದರು. ಎರಡು ಮೂರು ಮಳೆಗಾಲದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಹತ್ತಿರ ಮಾತಾಡಿದ ನಾಲ್ವರಲ್ಲಿ ಮೂವರಾದರೂ ಹೆಸರು ತೆಗೆದಿದ್ದಾರೆ. ಕೆಲವರು ಕೇಳದೆಯೇ ಸ್ಟಾರನ್ನೂ ಏರಿಸಿದ್ದಾರೆ.

ಉಳಿದ ದಾರಿಗಳನ್ನೂ ನೋಡಿದ್ದಾಗಿದೆ. ರಿಪೋರ್ಟ್ ಒತ್ತಿದರೆ ಕೆಲವು ದಿನ ಕಾಯಿಸಿ, ನಿಯಮ ಮುರಿದಿಲ್ಲ ಅಂತ ಉತ್ತರ ಬರುತ್ತದೆ. ಅದರ ಮೇಲೆ ಒಂದು ಸಲ ಅಪೀಲು ಹಾಕಬಹುದು. ಫೋನ್ ನಂಬರ್, ವಿಳಾಸ, ಬೈಗುಳ, ಜಾತಿ ನಿಂದನೆ ಇದ್ದರೆ ಅದು ಬೇರೆ, ಅಂಥದ್ದನ್ನು ತಕ್ಷಣ ರಿಪೋರ್ಟ್ ಮಾಡಿ. ಬರೀ "ಮಂಜು ಸರಿಯಾಗಿ ಮಾತಾಡಲಿಲ್ಲ" ಅನ್ನುವುದು ನನ್ನ ಕಣ್ಣೆದುರಿಗೆ ಒಮ್ಮೆಯೂ ಹೋಗಿಲ್ಲ. ಗೆಳೆಯರೊಬ್ಬರು ಏಜೆನ್ಸಿಯೊಂದಕ್ಕೆ ರಿವ್ಯೂ ಒಂದಕ್ಕೆ ಮೂರು ಸಾವಿರದಂತೆ ಕೊಟ್ಟರು. ಆ ಏಜೆನ್ಸಿಯವರೂ ಮಾಡಿದ್ದು ಅದೇ ರಿಪೋರ್ಟ್ ಒತ್ತುವ ಕೆಲಸ. ದುಡ್ಡು ಹೋಯಿತು, ರಿವ್ಯೂ ಉಳಿಯಿತು.

ಮಂಜು ಅಂದೆನಲ್ಲ, ಹೆಸರು ಬದಲಿಸಿದ್ದೇನೆ, ಆ ಕೇಸನ್ನೇ ಹೇಳುತ್ತೇನೆ. ಆಗಸ್ಟ್ ತಿಂಗಳು, ಭಾನುವಾರ, ಜೋಗಕ್ಕೆ ಹೋಗುವವರ ರಶ್ಶು. ಮರುದಿನ ರಿವ್ಯೂ ಬಂತು. ಮಗು ತಾಯಿಯ ತಟ್ಟೆಯಲ್ಲಿ ಎರಡು ತುತ್ತು ತಿಂದಿದ್ದಕ್ಕೆ "ಒಂದು ಊಟದಲ್ಲಿ ಇಬ್ಬರು ತಿನ್ನೋ ಹಾಗಿಲ್ಲ" ಅಂತ ಮಂಜು ಎಲ್ಲರ ಮುಂದೆ ಕೂಗಿದನಂತೆ. ಮಂಜು ದುರಹಂಕಾರಿ, ಅವನನ್ನು ತೆಗೆದುಹಾಕಿ ಅಂತ ಕೊನೆಯ ಸಾಲು.

ನಾನು ಮೊದಲು ತೆಗೆದದ್ದು ಬಿಲ್ಲಿನ ಕಾಪಿ. ನಮ್ಮಲ್ಲಿ ಪ್ರತಿ ಬಿಲ್ಲಿನ ಮೇಲೆ ಟೇಬಲ್ ನಂಬರ್, ಸಪ್ಲೈಯರ್ ನಂಬರ್, ಸಮಯ ಮೂರೂ ಬರುತ್ತದೆ. ಫ್ಯಾಮಿಲಿ ಹಾಲ್, ಮಧ್ಯಾಹ್ನ ಎರಡೂವರೆ ಸುಮಾರು, ಎರಡು ಊಟ, ಒಂದು ಎಕ್ಸ್‌ಟ್ರಾ ಮೊಸರು. ಸಪ್ಲೈಯರ್ ನಂಬರ್ ಮಂಜುದಲ್ಲ! ಅವನು ಅವತ್ತು ಪಾರ್ಸೆಲ್ ಕೌಂಟರ್‌ನಲ್ಲಿದ್ದ. ಸಿಸಿಟಿವಿ ನೋಡಿದರೆ ಟೇಬಲ್ ಹತ್ತಿರ ಇನ್ನೊಬ್ಬ ಹುಡುಗ, ಮೈಮೇಲೆ ಮಂಜುವಿನ ಶರ್ಟು. ನಮ್ಮ ಮಳೆ ಗೊತ್ತಲ್ಲ, ಯೂನಿಫಾರ್ಮ್ ಮೂರು ದಿನವಾದರೂ ಒಣಗುವುದಿಲ್ಲ. ಆ ಹುಡುಗನ ಶರ್ಟು ಹಸಿ ಇತ್ತು, ಮಂಜುವಿನದನ್ನು ಹಾಕಿಕೊಂಡಿದ್ದ. ಜೇಬಿನ ಮೇಲೆ ಹೆಸರು ಹೊಲಿಸಿದ್ದು ಮಂಜುವಿನದು. ಗಿರಾಕಿ ಓದಿದ್ದು ಅದನ್ನೇ.

ಸಿಸಿಟಿವಿ ವಿಷಯಕ್ಕೆ ತಡ ಮಾಡಬೇಡಿ. ಚಿಕ್ಕ ಡಿವಿಆರ್ ಆದರೆ ಹದಿನೈದು ಇಪ್ಪತ್ತು ದಿನಕ್ಕೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ.

ಆಮೇಲೆ ಹುಡುಗರ ಜೊತೆ ಮಾತು, ಒಬ್ಬೊಬ್ಬರನ್ನೇ ಕರೆದು, ಬಾಗಿಲು ಹಾಕಿಕೊಂಡು. ಶರ್ಟು ಹಾಕಿದ್ದವನು ಹೇಳಿದ್ದು: "ಅಣ್ಣಾ, ಬೋರ್ಡಲ್ಲಿ ಇರೋದನ್ನೇ ಹೇಳ್ದೆ." ನಿಜ, ಗೋಡೆ ಮೇಲೆ ಆ ಬೋರ್ಡು ಇತ್ತು. ಅಂದರೆ ಗಿರಾಕಿಯ ಸಿಟ್ಟಿಗೆ ಅರ್ಧ ಕಾರಣ ಹೋಟೆಲ್ ನಿಯಮ, ಅರ್ಧ ಹುಡುಗ ಕೂಗಿ ಹೇಳಿದ್ದು. ಹೆಸರು ಬಂದ ರಿವ್ಯೂಗಳಲ್ಲಿ ಬಹಳಷ್ಟು ಹೀಗೇ ಇರುತ್ತವೆ. ಗಲ್ಲಾ ಹತ್ತಿರ ಚಿಲ್ಲರೆ ಇಲ್ಲ, ಪಾರ್ಸೆಲ್‌ಗೆ ಡಬ್ಬಿ ಚಾರ್ಜು, ಎರಡನೇ ಸಲ ಸಾಂಬಾರಿಗೆ ದುಡ್ಡು, ಇವೆಲ್ಲ ಮಾಲೀಕನ ತೀರ್ಮಾನ. ಅದನ್ನು ಗಿರಾಕಿಯ ಮುಖಕ್ಕೆ ಹೇಳಬೇಕಾದವನು ಹುಡುಗ. ಆ ವಾರವೇ ಮಕ್ಕಳ ಅರ್ಧ ಊಟ ಶುರು ಮಾಡಿದೆವು, ಐವತ್ತು ರೂಪಾಯಿ. ಅದರಿಂದ ನಷ್ಟ ಏನೂ ಆಗಿಲ್ಲ.

ಉತ್ತರ ಬರೆಯುವಾಗ ಒಂದು ವಿಷಯ ಗಟ್ಟಿಯಾಗಿ ಹಿಡಿಯಿರಿ: ನಿಮ್ಮ ಉತ್ತರದಲ್ಲಿ ಆ ಹೆಸರು ಬರಲೇಬಾರದು. ಗಿರಾಕಿ ನಾಳೆ ತನ್ನ ಬರಹ ತಿದ್ದಿದರೂ ನಿಮ್ಮ ಉತ್ತರ ತಾನಾಗಿ ಬದಲಾಗುವುದಿಲ್ಲ. "ನಮ್ಮ ಮಂಜು ಅಂಥವನಲ್ಲ" ಅಂತ ನೀವು ಬರೆದದ್ದು ಅಲ್ಲೇ ಉಳಿಯುತ್ತದೆ. "ಅದು ಮಂಜು ಅಲ್ಲ, ಬೇರೆಯವನು" ಅಂತ ಬರೆದರಂತೂ ಇನ್ನೊಬ್ಬನನ್ನು ಬೀದಿಗೆ ತಂದ ಹಾಗೆ. ನಾನು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು: "ಭಾನುವಾರ ಮಧ್ಯಾಹ್ನ ಆದದ್ದನ್ನು ವಿಚಾರಿಸಿದೆ. ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು, ಕ್ಷಮಿಸಿ. ಆ ನಿಯಮ ಹೋಟೆಲ್‌ನದು, ಅದನ್ನು ತೆಗೆದಿದ್ದೇವೆ. ದಯವಿಟ್ಟು ನನಗೆ ಒಂದು ಫೋನ್ ಮಾಡಿ, ಮಾಲೀಕ." ಕೆಳಗೆ ನನ್ನದೇ ನಂಬರ್. ಉತ್ತರ ಹಾಕಿದರೆ ಅವರಿಗೆ ಗೂಗಲ್‌ನಿಂದ ಸೂಚನೆ ಹೋಗುತ್ತದೆ. ಬಿಲ್ಲಿನಲ್ಲಿ ಅವರ ನಂಬರ್ ಸಿಕ್ಕಿದರೂ ನೀವಾಗಿ ಫೋನ್ ಮಾಡಬೇಡಿ, ಅವರು ಹೆದರುತ್ತಾರೆ.

ಮೂರನೇ ದಿನ ಫೋನ್ ಬಂತು. ಮೊದಲ ಮಾತಾಗಿ ನಾನು ಏನು ಹೇಳುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಶರ್ಟಿನ ವಿಷಯ ಹೇಳಿದಾಗ ಆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಹುಡುಗಂಗೆ ಸುಮ್ನೆ ಬಯ್ದ ಹಾಗಾಯ್ತಲ್ಲ" ಅಂದರು. ರಾತ್ರಿಯೊಳಗೆ ಹೆಸರು ಹೋಗಿತ್ತು, ಒಂದು ಸ್ಟಾರ್ ಇತ್ತು. ಇದಕ್ಕಾಗಿ ಊಟ, ರಿಯಾಯಿತಿ ಏನೂ ಕೊಡುವುದಿಲ್ಲ. ರಿವ್ಯೂ ತಿದ್ದಿಸಲು ಏನಾದರೂ ಕೊಡುವುದು ಗೂಗಲ್ ನಿಯಮಕ್ಕೂ ವಿರುದ್ಧ.

ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಹೊಗಳಿಕೆಯಲ್ಲಿ ಹೆಸರು ಬಂದರೆ ಹುಡುಗನಿಗೆ ಐವತ್ತು ರೂಪಾಯಿ. ತಿಂಗಳೊಳಗೆ ಹುಡುಗರು ಟೇಬಲ್ ಪಕ್ಕ ನಿಂತು "ಸಾರ್, ನನ್ನ ಹೆಸರು ಹಾಕಿ" ಅನ್ನತೊಡಗಿದರು. ದೋಸೆ ಭಟ್ಟರಿಗೆ, ಕ್ಲೀನರ್‌ಗೆ ಒಂದು ರೂಪಾಯಿಯೂ ಇಲ್ಲ, ಒಳಗೆ ಜಗಳ. ಮತ್ತೆ ಮತ್ತೆ ಬರುವ ಪದಗಳನ್ನು ಗೂಗಲ್ ಮೇಲೆ ತೋರಿಸುತ್ತದಲ್ಲ, ಅಲ್ಲಿ ಕೆಲಸ ಬಿಟ್ಟುಹೋದ ಹುಡುಗನ ಹೆಸರು ಬಂದು ಕೂತಿತ್ತು. ನಿಲ್ಲಿಸಿದೆವು.

ನಾನೂ ಹೋದಲ್ಲೆಲ್ಲ ರಿವ್ಯೂ ಬರೆಯುವವನು. ದೂರು ಇದ್ದರೆ ದಿನ, ಹೊತ್ತು, ಟೇಬಲ್, ಏನು ತಿಂದೆ, ಏನು ಮಾತಾಯಿತು ಅಷ್ಟನ್ನು ಬರೆಯುತ್ತೇನೆ. ಮಾಲೀಕನಿಗೆ ಅಷ್ಟು ಸಾಕು, ಹುಡುಗ ಯಾರು ಅಂತ ಅವನಿಗೇ ಗೊತ್ತಾಗುತ್ತದೆ. ಹೆಸರು ಹೇಳಲೇಬೇಕಾದರೆ ಗಲ್ಲಾದಲ್ಲಿ ಕೂತವರಿಗೆ ಹೇಳುತ್ತೇನೆ. "ಕಳ್ಳ", "ಕುಡಿದಿದ್ದ" ಅಂತ ಹೆಸರು ಹಿಡಿದು ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನ ಮಾನನಷ್ಟ ಕೇಸು ಮೈಮೇಲೆ ಬರಬಹುದು. ಹೊಗಳುವಾಗಲೂ ಹುಷಾರು. ಪರಿಚಯದ ಲಾಡ್ಜ್ ಒಂದರಲ್ಲಿ ರಿಸೆಪ್ಶನ್ ಹುಡುಗಿಯ ಪೂರ್ತಿ ಹೆಸರು, ಫೋಟೊ ಹಾಕಿ ಯಾರೋ ಒಳ್ಳೆ ಮನಸ್ಸಿಂದಲೇ ಹೊಗಳಿದ್ದರು. ಗುರುತಿಲ್ಲದವರು ಇನ್‌ಸ್ಟಾಗ್ರಾಂನಲ್ಲಿ ಅವಳ ಹಿಂದೆ ಬಿದ್ದರು, ಲಾಡ್ಜ್ ನಂಬರಿಗೆ ಫೋನ್ ಮಾಡಿ ಅವಳನ್ನೇ ಕೇಳಿದರು. ಹೆಣ್ಣುಮಕ್ಕಳಾದರೆ "ಬೆಳಗಿನ ಶಿಫ್ಟಿನ ರಿಸೆಪ್ಶನ್‌ನವರು" ಅಂದರೆ ಸಾಕು.

ಹೆಂಗಸರ ಜೊತೆ ಅಸಭ್ಯ ವರ್ತನೆ, ಕಳ್ಳತನ, ಹೊಡೆತ ಇಂಥದ್ದು ರಿವ್ಯೂನಲ್ಲಿದ್ದರೆ ಹೆಸರು ತೆಗೆಯಿರಿ ಅಂತ ಕೇಳಲೇಬೇಡಿ. ಸಿಸಿಟಿವಿ ತುಣುಕನ್ನು ಮೊದಲು ಬೇರೆ ಕಡೆ ಉಳಿಸಿಡಿ. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿದ್ದರೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು, ಗಿರಾಕಿಯಾಗಿ ಬಂದ ಹೆಂಗಸೂ ಅಲ್ಲಿ ದೂರು ಕೊಡಬಹುದು. ಅದನ್ನು ಅವರಿಗೆ ನೀವೇ ಹೇಳಿ, ಪೊಲೀಸರ ಹತ್ತಿರ ಹೋಗುತ್ತೇನೆ ಅಂದರೆ ಜೊತೆಗೆ ಹೋಗಿ.