ಕ್ಯಾಲಿಬ್ರೇಶನ್ ಮೀಟಿಂಗ್‌ನಲ್ಲಿ ಅಂಕ ಆಮೇಲೆ ಹೇಳಿ

ನಮ್ಮ ದಾವಣಗೆರೆ ಗ್ರೂಪಿನಲ್ಲಿರುವ ಮ್ಯಾನೇಜರ್‌ಗಳಿಗೆ ಒಂದು ಸಲಹೆ. ಎಲ್ಲ ಟೀಮಿನ ಮ್ಯಾನೇಜರ್‌ಗಳೂ ಕೂತು ತಮ್ಮ ಕೈಕೆಳಗಿನವರ ವರ್ಷದ ಕೆಲಸದ ರೇಟಿಂಗ್ ಸರಿಹೊಂದಿಸುವಾಗ ಅಂಕವನ್ನು ಮೊದಲು ಹೇಳಬೇಡಿ. "ಇವನಿಗೆ 4" ಅಂದ ಕೂಡಲೇ ಚರ್ಚೆಯೆಲ್ಲ ಆ 4ರ ಸುತ್ತಲೇ ಸುತ್ತುತ್ತದೆ. ಮೊದಲು ಕೆಲಸ ಹೇಳಿ.

ಉದಾಹರಣೆಗೆ ಸಾಲ ವಸೂಲಿಯ ಇಬ್ಬರನ್ನು ತಗೊಳ್ಳಿ. ದಾವಣಗೆರೆ ಬ್ರಾಂಚ್‌ನ ಹುಡುಗ 97% ವಸೂಲಿ ಮಾಡಿದ್ದಾನೆ, ಅವನಿಗೆ 4. ಹೊಳಲ್ಕೆರೆಯ ಹುಡುಗಿ 93%, ಅವಳಿಗೆ 3. ಸುಮ್ನೆ ನೋಡಿದರೆ ಸರಿಯಾಗೇ ಇದೆ, ಅಲ್ವಾ? ಕೆಲಸ ಬಿಡಿಸಿ ನೋಡಿ. ಅವನ ಗ್ರಾಹಕರು ಸಂಬಳದವರು, ಕಂತು ಖಾತೆಯಿಂದ ತಾನಾಗೇ ಕಡಿತ ಆಗುತ್ತದೆ. ಹೋದ ವರ್ಷವೂ ಅಲ್ಲಿ 97% ಇತ್ತು. ಅವಳ ಗ್ರಾಹಕರು ಅಡಿಕೆ ಬೆಳೆಗಾರರು, ಫಸಲು ಮಾರಿದ ಮೇಲೆಯೇ ಕೈಗೆ ದುಡ್ಡು. ಅವಳು ಬರುವಾಗ ಅಲ್ಲಿ 85% ಇತ್ತು. ಕಂತಿನ ತಾರೀಖನ್ನು ಮಾರಾಟದ ತಿಂಗಳಿಗೆ ಹೊಂದಿಸಿದ್ದು ಅವಳೇ.

"4 ಅಂದರೆ ತನ್ನ ಪ್ರಯತ್ನದಿಂದ ಗುರಿ ದಾಟಿದವರು" ಅಂತ ಮೊದಲೇ ಬರೆದುಕೊಂಡಿದ್ದರೆ 4 ಅವಳಿಗೆ, 3 ಅವನಿಗೆ.

ಎಲ್ಲರ ಹೆಸರನ್ನೂ ಎಳೆದಾಡಬೇಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿ ಹೂಂ ಅನ್ನುತ್ತಾರೆ. 3 ಮತ್ತು 4ರ ಗಡಿಯಲ್ಲಿರುವವರನ್ನು ಮೊದಲು ತಗೊಳ್ಳಿ. ಜೋರಾಗಿ ಮಾತಾಡುವ ಮ್ಯಾನೇಜರ್ ಟೀಮಿಗೇ ಅಂಕ ಏರುತ್ತಿದ್ದರೆ "ಯಾವ ಕೆಲಸ, ಯಾವಾಗ?" ಅಂತ ಕೇಳಿ. ಉತ್ತರ ಕಳೆದ ಎರಡು ತಿಂಗಳದ್ದೇ ಆಗಿದ್ದರೆ ಉಳಿದ ಹತ್ತು ತಿಂಗಳದ್ದನ್ನೂ ತರಿಸಿ. ಅಂಕ ಬದಲಾದರೆ ಕಾರಣವನ್ನು ಅಲ್ಲೇ ಎರಡು ಸಾಲು ಬರೆದಿಡಿ, ನಾಳೆ ಅಂಕ ಬದಲಾದವರಿಗೆ ಅದನ್ನು ಹೇಳಬೇಕಾದವರು ನೀವೇ.